ಕಾಂಬೊ ಮಾರುವವರಿಗೆ: ಸ್ಟಾಕ್ ಕಳೆಯುವುದು ಮಾರಿದಾಗಲೋ, ಕಟ್ಟಿದಾಗಲೋ?

ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಮಾರುವ ಒಂದು ಅಂಗಡಿಯನ್ನು ತೆಗೆದುಕೊಳ್ಳೋಣ. ಕೌಂಟರ್ ಇದೆ, ಸ್ವಂತ ವೆಬ್‌ಸೈಟ್ ಇದೆ, ವಾಟ್ಸ್ಆ್ಯಪ್‌ನಲ್ಲೂ ಆರ್ಡರ್ ಬರುತ್ತದೆ. ಎಲ್ಲವೂ ಬಿಡಿಯಾಗಿ ಸಿಗುತ್ತವೆ, ಜೊತೆಗೆ ಎರಡು ಕಾಂಬೊಗಳೂ ಇವೆ. ಮೊದಲನೆಯದು 'ಮನೆ ಕಾಂಬೊ'. ಮೂರು ಪುಡಿಗಳಲ್ಲೂ ಒಂದೊಂದು ಪ್ಯಾಕೆಟ್. ಎರಡನೆಯದು 'ಹಬ್ಬದ ಡಬ್ಬ'. ಸಾರಿನ ಪುಡಿ ಎರಡು, ಹುಳಿಪುಡಿ ಒಂದು, ಉಪ್ಪಿನಕಾಯಿ ಬಾಟಲಿ ಒಂದು, ಇವೆಲ್ಲವನ್ನೂ ಇಡಲು ಚಂದದ ರಟ್ಟಿನ ಡಬ್ಬ ಒಂದು.

ಇಂಥ ಅಂಗಡಿಯಲ್ಲಿ ಕಾಂಬೊಗೆ ಸ್ಟಾಕ್ ಲೆಕ್ಕ ಇಡಲು ಮೂರು ದಾರಿಗಳಿವೆ. ಕಾಂಬೊಗೆ ಅದರದೇ ಒಂದು ಸಂಖ್ಯೆ ಕೊಟ್ಟು ಕೈಯಾರೆ ಸರಿಮಾಡುತ್ತ ಹೋಗುವುದು ಒಂದು. ಕಾಂಬೊ ಮಾರಾಟವಾದ ಕೂಡಲೇ ಅದರೊಳಗಿನ ಬಿಡಿ ಮಾಲುಗಳ ಸ್ಟಾಕ್ ತಾನಾಗಿ ಕಳೆಯುವಂತೆ ಮಾಡುವುದು ಇನ್ನೊಂದು. ಇದನ್ನು ಬಹಳಷ್ಟು ಸಾಫ್ಟ್‌ವೇರ್‌ಗಳು ಕಿಟ್ ಅನ್ನುತ್ತವೆ. ಡಬ್ಬವನ್ನು ಮೊದಲೇ ಕಟ್ಟಿಟ್ಟು, ಕಟ್ಟಿದ ದಿನವೇ ಬಿಡಿ ಮಾಲು ಕಳೆದು ಡಬ್ಬದ ಸ್ಟಾಕ್ ಏರಿಸುವುದು ಮೂರನೆಯದು, ಇದು ಅಸೆಂಬ್ಲಿ.

ಮೊದಲ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೇ ಕಾಂಬೊ, ಅದರೊಳಗಿನ ಮಾಲನ್ನು ಬಿಡಿಯಾಗಿ ಮಾರುವುದೇ ಇಲ್ಲ ಎಂದಾದರೆ ಅದು ನಡೆಯುತ್ತದೆ. ಬಿಡಿ ಮಾರಾಟವೂ ಇದ್ದರೆ ಒಂದೇ ಪ್ಯಾಕೆಟ್ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ, ವಾರ ಕಳೆಯುವುದರೊಳಗೆ ಯಾವ ಸಂಖ್ಯೆಯನ್ನೂ ನಂಬುವ ಹಾಗಿರುವುದಿಲ್ಲ. ನಿಜವಾದ ಆಯ್ಕೆ ಇರುವುದು ಕಿಟ್ ಮತ್ತು ಅಸೆಂಬ್ಲಿ ನಡುವೆ.

ಕಿಟ್: ಡಬ್ಬ ಇರುವುದು ಹೆಸರಿಗೆ ಮಾತ್ರ

ಕಿಟ್‌ನಲ್ಲಿ ಕಾಂಬೊಗೆ ಸ್ವಂತ ಸ್ಟಾಕ್ ಇರುವುದಿಲ್ಲ. ಎಷ್ಟು ಕಾಂಬೊ ಮಾರಬಹುದು ಎಂಬುದನ್ನು ಒಳಗಿನ ಮಾಲುಗಳಿಂದ ಲೆಕ್ಕ ಹಾಕಲಾಗುತ್ತದೆ. ಪ್ರತಿ ಮಾಲಿನ ಸ್ಟಾಕನ್ನು ಒಂದು ಕಾಂಬೊಗೆ ಬೇಕಾದ ಸಂಖ್ಯೆಯಿಂದ ಭಾಗಿಸಿ, ಬಂದದ್ದರಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ಉತ್ತರ. ಎಕ್ಸೆಲ್ ಶೀಟಿನಲ್ಲಿ ನೋಡಬೇಕೆಂದರೆ, B ಕಾಲಮ್‌ನಲ್ಲಿ ಸ್ಟಾಕ್, C ಕಾಲಮ್‌ನಲ್ಲಿ ಒಂದು ಡಬ್ಬಕ್ಕೆ ಬೇಕಾದ ಸಂಖ್ಯೆ ಬರೆದು ಹೀಗೆ ಹಾಕಿದರೆ ಸಾಕು:

```
=MIN(INT(B2/C2), INT(B3/C3), INT(B4/C4), INT(B5/C5))
```

ನಮ್ಮ ಅಂಗಡಿಯಲ್ಲಿ ಬೆಳಗ್ಗೆ ಸಾರಿನ ಪುಡಿ 40, ಹುಳಿಪುಡಿ 35, ಚಟ್ನಿಪುಡಿ 60, ಉಪ್ಪಿನಕಾಯಿ 18, ರಟ್ಟಿನ ಡಬ್ಬ 25 ಇವೆ ಎಂದುಕೊಳ್ಳಿ. ಮನೆ ಕಾಂಬೊಗೆ ಹುಳಿಪುಡಿಯೇ ಮಿತಿ, 35 ಆಗುತ್ತದೆ. ಹಬ್ಬದ ಡಬ್ಬಕ್ಕೆ ಸಾರಿನ ಪುಡಿ ಎರಡೆರಡು ಬೇಕಾದ್ದರಿಂದ ಅದರಿಂದ 20 ಆಗುತ್ತದೆ, ಆದರೆ ಉಪ್ಪಿನಕಾಯಿ ಇರುವುದೇ 18. ಆದ್ದರಿಂದ 18.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. 35 ಮನೆ ಕಾಂಬೊ ಮತ್ತು 18 ಹಬ್ಬದ ಡಬ್ಬ, ಎರಡೂ ಒಟ್ಟಿಗೆ ಮಾರಲು ಸಿಗುತ್ತವೆ ಎಂದು ಅರ್ಥವಲ್ಲ. ಎರಡೂ ಒಂದೇ ಸಾರಿನ ಪುಡಿಯ ಮೇಲೆ ನಿಂತಿವೆ. ಮಧ್ಯಾಹ್ನದ ಹೊತ್ತಿಗೆ 10 ಹಬ್ಬದ ಡಬ್ಬ ಹೋದರೆ ಸಾರಿನ ಪುಡಿ 20ಕ್ಕೆ, ಹುಳಿಪುಡಿ 25ಕ್ಕೆ, ಉಪ್ಪಿನಕಾಯಿ 8ಕ್ಕೆ ಇಳಿಯುತ್ತದೆ. ಒಂದೂ ಮಾರಾಟವಾಗದಿದ್ದರೂ ಮನೆ ಕಾಂಬೊ 35ರಿಂದ 20ಕ್ಕೆ ಕುಸಿದಿರುತ್ತದೆ. ಕಿಟ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತೇ ಇದು. ಒಂದು ಕಾಂಬೊ ಮಾರಿದಾಗ ಇನ್ನೊಂದರ ಸಂಖ್ಯೆ ಇಳಿಯದಿದ್ದರೆ ನಿಮ್ಮ ಸಾಫ್ಟ್‌ವೇರ್ ಕಿಟ್ ಮಾಡುತ್ತಿಲ್ಲ, ಹೆಸರಿಗೆ ಮಾತ್ರ ಒಟ್ಟುಗೂಡಿಸಿ ತೋರಿಸುತ್ತಿದೆ.

ಕಿಟ್‌ನ ದೊಡ್ಡ ಲಾಭವೆಂದರೆ ಮಾಲು ಕೊನೆಯ ಗಳಿಗೆವರೆಗೂ ಸ್ವತಂತ್ರವಾಗಿರುತ್ತದೆ. ಅದೇ ಸಾರಿನ ಪುಡಿ ಬಿಡಿಯಾಗಿಯೂ ಹೋಗಬಹುದು, ಯಾವ ಕಾಂಬೊದಲ್ಲಾದರೂ ಹೋಗಬಹುದು. ಯಾರು ಮೊದಲು ಕೇಳುತ್ತಾರೋ ಅವರಿಗೆ. ಕಡಿಮೆ ಬಂಡವಾಳದಲ್ಲಿ ನಡೆಯುವ ಅಂಗಡಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ತೊಂದರೆ ಬರುವುದು ಮಾರಾಟದ ಜಾಗ ಒಂದಕ್ಕಿಂತ ಹೆಚ್ಚಾದಾಗ. ಕೌಂಟರ್‌ನ ಬಿಲ್ಲಿಂಗ್ ಒಂದು ಕಡೆ, ವೆಬ್‌ಸೈಟ್ ಇನ್ನೊಂದು ಕಡೆ, ನಡುವೆ ಹದಿನೈದು ನಿಮಿಷಕ್ಕೊಮ್ಮೆ ಸಿಂಕ್ ಆಗುತ್ತದೆ ಎಂದುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಉಪ್ಪಿನಕಾಯಿ 8 ಉಳಿದಿದೆ, ವೆಬ್‌ಸೈಟ್ 8 ಹಬ್ಬದ ಡಬ್ಬ ತೋರಿಸುತ್ತಿದೆ. ಅಷ್ಟರಲ್ಲಿ ಕೌಂಟರ್‌ಗೆ ಬಂದ ಒಬ್ಬರು ಆರು ಬಾಟಲಿ ಉಪ್ಪಿನಕಾಯಿ ಬಿಡಿಯಾಗಿ ಕೊಂಡುಹೋಗುತ್ತಾರೆ. ನಿಜವಾಗಿ ಉಳಿದದ್ದು ಎರಡು. ಮುಂದಿನ ಸಿಂಕ್ ಆಗುವ ಮುನ್ನ ವೆಬ್‌ಸೈಟ್‌ನಲ್ಲಿ ಐದು ಡಬ್ಬಕ್ಕೆ ಹಣ ಕಟ್ಟಿಬಿಟ್ಟರೆ ಮೂವರಿಗೆ ಕೊಡಲು ಮಾಲಿಲ್ಲ.

ಇದಕ್ಕೆ ಮದ್ದು ಆಪತ್ತಿಗೆಂದು ಒಂದಿಷ್ಟು ಸ್ಟಾಕನ್ನು ವೆಬ್‌ಸೈಟ್‌ನ ಕಣ್ಣಿಗೆ ಬೀಳದಂತೆ ಎತ್ತಿಡುವುದು. ಆದರೆ ಅದನ್ನು ಕಾಂಬೊದ ಮೇಲೆ ಹಾಕಬೇಡಿ, ಬಿಡಿ ಮಾಲಿನ ಮೇಲೆ ಹಾಕಿ. 'ಹಬ್ಬದ ಡಬ್ಬ ಮೂರು ಕಡಿಮೆ ತೋರಿಸು' ಎಂದರೆ ಅದೇ ಉಪ್ಪಿನಕಾಯಿ ವೆಬ್‌ಸೈಟ್‌ನಲ್ಲೇ ಬಿಡಿಯಾಗಿ ಖಾಲಿಯಾಗಬಹುದು. 'ಉಪ್ಪಿನಕಾಯಿ ಆರು ಕಡಿಮೆ ತೋರಿಸು' ಎಂದರೆ ಅದು ಸೇರಿರುವ ಎಲ್ಲ ಕಾಂಬೊಗಳಿಗೂ ಬಿಡಿ ಮಾರಾಟಕ್ಕೂ ಒಟ್ಟಿಗೆ ಅನ್ವಯಿಸುತ್ತದೆ. ಎಷ್ಟು ಎತ್ತಿಡಬೇಕು? ಎರಡು ಸಿಂಕ್‌ಗಳ ನಡುವೆ ಕೌಂಟರ್‌ನಲ್ಲಿ ಆ ಮಾಲು ಹೆಚ್ಚೆಂದರೆ ಎಷ್ಟು ಹೋಗುತ್ತದೋ ಅಷ್ಟು. ಮೇಲಿನ ಉದಾಹರಣೆಯಲ್ಲಿ ಆರು ಎತ್ತಿಟ್ಟಿದ್ದರೆ ವೆಬ್‌ಸೈಟ್ ಎರಡೇ ಡಬ್ಬ ತೋರಿಸುತ್ತಿತ್ತು, ಎರಡೂ ಕೊಡಲು ಆಗುತ್ತಿತ್ತು. ಎಲ್ಲ ಮಾಲಿಗೂ ಒಂದೇ ಅಳತೆ ಬೇಡ. ನಿಧಾನಕ್ಕೆ ಹೋಗುವ ಚಟ್ನಿಪುಡಿಗೆ ಒಂದೆರಡು ಸಾಕು.

ಇನ್ನೊಂದನ್ನು ಗಮನಿಸಿ: ಕಿಟ್‌ನ ಪಟ್ಟಿಯಲ್ಲಿ ರಟ್ಟಿನ ಡಬ್ಬವನ್ನೂ ಸೇರಿಸಲೇಬೇಕು. ಅದಕ್ಕೆ ಬೆಲೆ ಇಲ್ಲ, ಗಿರಾಕಿ ಕೇಳುವುದಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ಹಬ್ಬದ ಹಿಂದಿನ ದಿನ ಪುಡಿಯೆಲ್ಲ ಇದ್ದು ಡಬ್ಬ ಖಾಲಿಯಾದರೂ ಕಂಪ್ಯೂಟರ್ ಆರ್ಡರ್ ತೆಗೆದುಕೊಳ್ಳುತ್ತಲೇ ಇರುತ್ತದೆ.

ಅಸೆಂಬ್ಲಿ: ಡಬ್ಬ ರ‍್ಯಾಕ್ ಮೇಲೆ ಕೂತಿದೆ

ದೀಪಾವಳಿಗೆ ಮೊದಲ ವಾರ ಯಾವ ಅಂಗಡಿಯೂ ಆರ್ಡರ್ ಬಂದ ಮೇಲೆ ಡಬ್ಬ ಕಟ್ಟುತ್ತ ಕೂರುವುದಿಲ್ಲ. ಸಂಜೆ ನಾಲ್ಕು ಜನ ಕೂತು ಹದಿನೈದು ಡಬ್ಬ ಕಟ್ಟಿ, ರಿಬ್ಬನ್ ಸುತ್ತಿ ಜೋಡಿಸಿಡುತ್ತಾರೆ. ಆ ಕ್ಷಣಕ್ಕೆ ಲೆಕ್ಕ ಬದಲಾಗಬೇಕು. ಬೆಳಗಿನ ಸ್ಟಾಕಿನಿಂದ ಸಾರಿನ ಪುಡಿ 30, ಹುಳಿಪುಡಿ 15, ಉಪ್ಪಿನಕಾಯಿ 15, ರಟ್ಟಿನ ಡಬ್ಬ 15 ಕಳೆದು 'ಹಬ್ಬದ ಡಬ್ಬ' 15 ಏರಬೇಕು. ಬಿಡಿಯಾಗಿ ಉಳಿದದ್ದು ಸಾರಿನ ಪುಡಿ 10, ಹುಳಿಪುಡಿ 20, ಉಪ್ಪಿನಕಾಯಿ 3. ಮನೆ ಕಾಂಬೊ ಈಗ ಹತ್ತೇ.

ಇದರ ಬೆಲೆ ಕಣ್ಣಿಗೆ ಕಾಣುತ್ತದೆ. ಮೂವತ್ತು ಪ್ಯಾಕೆಟ್ ಸಾರಿನ ಪುಡಿ ಡಬ್ಬದೊಳಗೆ ಸಿಕ್ಕಿಕೊಂಡಿದೆ. ಕೌಂಟರ್‌ಗೆ ಬಂದವರು ಹನ್ನೆರಡು ಕೇಳಿದರೆ ಹತ್ತೇ ಇದೆ ಅನ್ನಬೇಕಾಗುತ್ತದೆ. ಅದಕ್ಕೆ ಬದಲಾಗಿ ಸಿಗುವುದು ವೇಗ ಮತ್ತು ಖಚಿತತೆ. ಹದಿನೈದು ಎಂದರೆ ಹದಿನೈದೇ, ಉಪ್ಪಿನಕಾಯಿ ಬಿಡಿಯಾಗಿ ಎಷ್ಟು ಹೋದರೂ ಆ ಸಂಖ್ಯೆ ಅಲುಗಾಡದು. ಕಟ್ಟುವ ಕೂಲಿ, ರಿಬ್ಬನ್ ಖರ್ಚನ್ನೂ ಡಬ್ಬದ ಬೆಲೆಗೆ ಸೇರಿಸಬಹುದು. ಕಿಟ್‌ನಲ್ಲಿ ಆ ಖರ್ಚಿಗೆ ಜಾಗವೇ ಇರುವುದಿಲ್ಲ.

ಮೊದಲೇ ಕಟ್ಟಿಡುವುದರಿಂದ ಇನ್ನೆರಡು ಹೊಣೆ ಮೈಮೇಲೆ ಬರುತ್ತವೆ. ಒಂದು, ಅವಧಿ. ಸಾರಿನ ಪುಡಿಗೆ ಆರು ತಿಂಗಳು, ಉಪ್ಪಿನಕಾಯಿಗೆ ಒಂದು ವರ್ಷ ಎಂದು ನೀವು ಬರೆದಿದ್ದರೆ ಡಬ್ಬಕ್ಕೆ ಆರು ತಿಂಗಳೇ, ಅದೂ ಒಳಗಿರುವ ಎಲ್ಲಕ್ಕಿಂತ ಹಳೆಯ ಪ್ಯಾಕೆಟಿನ ದಿನಾಂಕದಿಂದ. ಕಟ್ಟುವಾಗಲೇ ಯಾವ ಬ್ಯಾಚ್ ಒಳಗೆ ಹೋಯಿತು ಎಂದು ಬರೆದುಕೊಳ್ಳದಿದ್ದರೆ ಆಮೇಲೆ ಡಬ್ಬ ಒಡೆಯದೆ ತಿಳಿಯದು. ಎರಡು, ಲೇಬಲ್. ಬೇರೆ ಬೇರೆ ಸರಕುಗಳ ಪ್ಯಾಕೆಟ್‌ಗಳನ್ನು ಒಟ್ಟಿಗೆ ಹಾಕಿ ಚಿಲ್ಲರೆ ಮಾರಾಟಕ್ಕೆ ಇಟ್ಟ ಪೊಟ್ಟಣವನ್ನು 2011ರ ಕಾನೂನು ಮಾಪನ ಪೊಟ್ಟಣ ಸರಕುಗಳ ನಿಯಮಗಳು 'ಕಾಂಬಿನೇಷನ್ ಪ್ಯಾಕೇಜ್' ಎಂದು ಪ್ರತ್ಯೇಕವಾಗಿಯೇ ಗುರುತಿಸುತ್ತವೆ. ಹಾಗಾಗಿ ಮುಚ್ಚಿದ ಡಬ್ಬದ ಹೊರಗೂ ಏನೇನು ಬರೆದಿರಬೇಕು ಎಂಬುದನ್ನು ಮುದ್ರಣಕ್ಕೆ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಹಬ್ಬ ಮುಗಿದ ಮೇಲೆ ನಾಲ್ಕು ಡಬ್ಬ ಉಳಿದವು ಅಂದುಕೊಳ್ಳಿ. ಬಿಚ್ಚಿದರೆ ಸಾರಿನ ಪುಡಿ 8, ಹುಳಿಪುಡಿ 4, ಉಪ್ಪಿನಕಾಯಿ 4 ವಾಪಸು ರ‍್ಯಾಕ್‌ಗೆ ಬರುತ್ತವೆ, ರಟ್ಟಿನ ಡಬ್ಬ ಹರಿದಿದ್ದರೆ ಅದು ನಷ್ಟದ ಲೆಕ್ಕಕ್ಕೆ. ಈ ಬಿಚ್ಚುವ ಎಂಟ್ರಿ ಮರೆತರೆ ಮುಂದಿನ ಹಬ್ಬದವರೆಗೂ ಕಂಪ್ಯೂಟರಿನಲ್ಲಿ ನಾಲ್ಕು ಡಬ್ಬ ಇರುತ್ತವೆ, ರ‍್ಯಾಕಿನಲ್ಲಿ ಒಂದೂ ಇರುವುದಿಲ್ಲ.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಸಾಫ್ಟ್‌ವೇರ್ ಯಾವುದು, ವ್ಯಾಪಾರ ಎಷ್ಟು ದೊಡ್ಡದು ಎಂದೆಲ್ಲ ನೋಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಡಬ್ಬ ಕಟ್ಟುವುದು ಆರ್ಡರ್ ಬಂದ ಮೇಲೋ, ಮೊದಲೋ? ಬಂದ ಮೇಲೆ ಎಂದಾದರೆ ಕಿಟ್. ಮೊದಲು ಎಂದಾದರೆ ಅಸೆಂಬ್ಲಿ. ನಾನು ಕಂಡ ಅಂಗಡಿಗಳಲ್ಲಿ ಲೆಕ್ಕ ಕೆಟ್ಟಿದ್ದು ತಪ್ಪು ದಾರಿ ಆರಿಸಿದ್ದರಿಂದಲ್ಲ, ಕೈ ಒಂದು ದಾರಿಯಲ್ಲಿ, ಕಂಪ್ಯೂಟರ್ ಇನ್ನೊಂದು ದಾರಿಯಲ್ಲಿ ನಡೆದದ್ದರಿಂದ.

ಹದಿನೈದು ಡಬ್ಬ ಕಟ್ಟಿಟ್ಟು ಕಂಪ್ಯೂಟರಿನಲ್ಲಿ ಕಿಟ್ ಆಗಿಯೇ ಬಿಟ್ಟರೆ ಪುಸ್ತಕದಲ್ಲಿ ಸಾರಿನ ಪುಡಿ 40 ಇರುತ್ತದೆ, ರ‍್ಯಾಕಿನಲ್ಲಿ 10. ವೆಬ್‌ಸೈಟ್‌ನಲ್ಲಿ ಹನ್ನೆರಡು ಬಿಡಿ ಪ್ಯಾಕೆಟ್‌ಗೆ ಆರ್ಡರ್ ಬಂದರೆ ಹುಡುಗರು ಕಟ್ಟಿಟ್ಟ ಡಬ್ಬ ಬಿಚ್ಚುತ್ತಾರೆ. ಡಬ್ಬ ಬಿಚ್ಚುವುದು ವಾರಕ್ಕೊಮ್ಮೆ ಆದರೂ ನಡೆಯುತ್ತಿದ್ದರೆ ನಿಮ್ಮಲ್ಲಿ ಇದೇ ಆಗುತ್ತಿದೆ ಎಂದು ತಿಳಿಯಿರಿ. ತಿರುಗುಮುರುಗಾದರೆ, ಅಂದರೆ ಅಸೆಂಬ್ಲಿ ವ್ಯವಸ್ಥೆ ಇಟ್ಟುಕೊಂಡು ಕಟ್ಟಿದ ಎಂಟ್ರಿ ಹಾಕದೆ ಡಬ್ಬ ಮಾರಿದರೆ, ಡಬ್ಬದ ಸ್ಟಾಕ್ ಮೈನಸ್‌ಗೆ ಹೋಗುತ್ತದೆ, ಬಿಡಿ ಮಾಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ತಿಂಗಳ ಕೊನೆಗೆ ಎಣಿಸಿದಾಗ ಸಾರಿನ ಪುಡಿಯ ಕೊರತೆ ಡಬ್ಬದ ಮೈನಸ್‌ಗೆ ಸರಿಯಾಗಿ ಎರಡರಷ್ಟಿದ್ದರೆ ಕಳ್ಳತನವೆಂದು ಯಾರನ್ನೂ ಅನುಮಾನಿಸಬೇಡಿ. ಎಂಟ್ರಿ ಬಿಟ್ಟುಹೋಗಿದೆ ಅಷ್ಟೆ.

ವರ್ಷದ ಹತ್ತು ತಿಂಗಳು ಕಿಟ್, ಹಬ್ಬದ ವಾರಗಳಲ್ಲಿ ಅಸೆಂಬ್ಲಿ ಬೇಕು ಎನ್ನುವವರು ಎರಡಕ್ಕೂ ಬೇರೆ ಬೇರೆ ಐಟಂ ಕೋಡ್ ಇಟ್ಟುಕೊಳ್ಳಿ. ಒಂದೇ ಕೋಡನ್ನು ಅತ್ತಿಂದಿತ್ತ ಬದಲಿಸಿದರೆ ಹಳೆಯ ಬಿಲ್‌ಗಳ ಅರ್ಥವೇ ಕೆಡುತ್ತದೆ. ಹಬ್ಬದ ವಾರ ಕಿಟ್ ಕೋಡನ್ನು ವೆಬ್‌ಸೈಟ್‌ನಿಂದ ಮರೆಮಾಡಿ, ಕಟ್ಟಿದ ಡಬ್ಬದ ಕೋಡನ್ನು ತೋರಿಸಿ. 'ಯಾವುದಾದರೂ ಮೂರು ಪುಡಿ ಆರಿಸಿಕೊಳ್ಳಿ' ಎಂಬಂಥ ಕಾಂಬೊಗೆ ಮಾತ್ರ ಈ ಪ್ರಶ್ನೆಯೇ ಇಲ್ಲ. ಗಿರಾಕಿ ಆರಿಸುವವರೆಗೆ ಒಳಗೇನಿದೆ ಎಂದು ಗೊತ್ತಿಲ್ಲದ ಮೇಲೆ ಮೊದಲೇ ಕಟ್ಟಲು ಬರುವುದಿಲ್ಲ, ಅದು ಕಿಟ್ ಆಗಿಯೇ ಇರಬೇಕು.

ಸಾಫ್ಟ್‌ವೇರ್‌ಗಳಲ್ಲಿ ಇದು ಎಲ್ಲಿ ಸಿಗುತ್ತದೆ

ಟ್ಯಾಲಿ ಪ್ರೈಮ್‌ನಲ್ಲಿ ಐಟಂಗೆ `BOM`, ಅಂದರೆ ಒಳಗೆ ಯಾವ ಮಾಲು ಎಷ್ಟು ಬೇಕು ಎಂಬ ಪಟ್ಟಿ, ಬರೆದಿಡಬಹುದು, ಆದರೆ ಡಬ್ಬವನ್ನು ಬಿಲ್ ಮಾಡಿದ ಮಾತ್ರಕ್ಕೆ ಬಿಡಿ ಮಾಲು ಕಳೆಯುವುದಿಲ್ಲ. ಕಟ್ಟಿದಾಗ `Manufacturing Journal` ವೋಚರ್ ಹಾಕಬೇಕು. ಅಂದರೆ ಅದರ ಸ್ವಭಾವವೇ ಅಸೆಂಬ್ಲಿ. `BOM` ಬರೆದಿದ್ದೇವೆ, ಇನ್ನು ತಾನೇ ಕಳೆಯುತ್ತದೆ ಎಂದು ನಂಬಿ ಕೂತವರನ್ನು ನಾನು ಬಹಳ ಕಂಡಿದ್ದೇನೆ. ಕಿಟ್ ಬೇಕೇ ಬೇಕೆಂದರೆ ಬಿಲ್ಲಿನಲ್ಲಿ ಬಿಡಿ ಮಾಲುಗಳನ್ನೇ ಸಾಲುಸಾಲಾಗಿ ಬರೆದು ರಿಯಾಯಿತಿ ಕೊಡುವುದು ಸುಲಭದ ದಾರಿ.

ಜೋಹೊ ಇನ್ವೆಂಟರಿಯಲ್ಲಿ ಕಾಂಪೊಸಿಟ್ ಐಟಂ ಮಾಡುವಾಗಲೇ ಅದು ಅಸೆಂಬ್ಲಿಯೋ ಕಿಟ್ಟೋ ಎಂದು ಆರಿಸಬೇಕು. ಒಡೂನಲ್ಲಿ `BoM` ಪ್ರಕಾರವನ್ನು `Kit` ಎಂದಿಟ್ಟರೆ ಡೆಲಿವರಿಯಲ್ಲಿ ಬಿಡಿ ಮಾಲುಗಳೇ ಕಾಣುತ್ತವೆ, `Manufacture this product` ಎಂದಿಟ್ಟರೆ ಅಸೆಂಬ್ಲಿ. ಇಆರ್‌ಪಿ ನೆಕ್ಸ್ಟ್‌ನಲ್ಲಿ `Product Bundle` ಕಿಟ್‌ನ ಕೆಲಸ ಮಾಡುತ್ತದೆ. ಅದರ ಮುಖ್ಯ ಐಟಂ ಸ್ಟಾಕ್ ಐಟಂ ಆಗಿರಕೂಡದು ಎಂಬುದೇ ಅದರ ನಿಯಮ, ಹಾಗಾಗಿ ಎರಡು ಕೋಡ್ ಇಡುವ ಶಿಸ್ತು ಅಲ್ಲಿ ತಾನಾಗಿ ಬರುತ್ತದೆ. ಶಾಪಿಫೈನವರದೇ ಆದ ಬಂಡಲ್ಸ್ ಆ್ಯಪ್ ಕೂಡ ಕಿಟ್ ದಾರಿಯದು. ವೂಕಾಮರ್ಸ್‌ನ `Grouped product` ಮಾತ್ರ ಹೆಸರು ನೋಡಿ ಮೋಸ ಹೋಗಬೇಡಿ: ಅದು ಕೆಲವು ಮಾಲುಗಳನ್ನು ಒಂದೇ ಪುಟದಲ್ಲಿ ತೋರಿಸುತ್ತದೆ ಅಷ್ಟೆ, ಗಿರಾಕಿ ಅದರಲ್ಲಿ ಬೇಕಾದದ್ದನ್ನು ಬೇಕಾದಷ್ಟು ಬಿಡಿಬಿಡಿಯಾಗಿಯೇ ಕೊಳ್ಳುತ್ತಾರೆ. ಕಾಂಬೊಗೆ ಬೇರೆ ಎಕ್ಸ್‌ಟೆನ್ಷನ್ ಬೇಕು.

ವಾಪಸು ಬಂದಾಗ ಮತ್ತು ತೆರಿಗೆ ಹಾಕುವಾಗ

ಬಿಡಿಯಾಗಿ ಸಾರಿನ ಪುಡಿ 120 ರೂಪಾಯಿ, ಹುಳಿಪುಡಿ 130, ಉಪ್ಪಿನಕಾಯಿ 180 ಎಂದಿಟ್ಟುಕೊಂಡರೆ ಹಬ್ಬದ ಡಬ್ಬದ ಮಾಲು 550 ರೂಪಾಯಿ. ಶೇ. 10 ರಿಯಾಯಿತಿ ಕೊಟ್ಟು 495ಕ್ಕೆ ಮಾರುತ್ತೀರಿ. ಉಪ್ಪಿನಕಾಯಿ ಬಾಟಲಿ ದಾರಿಯಲ್ಲಿ ಒಡೆದುಹೋಯಿತು, ಗಿರಾಕಿ ಅದರ ಹಣ ಮಾತ್ರ ಕೇಳುತ್ತಾರೆ. ಎಷ್ಟು ಕೊಡಬೇಕು? 495 ರೂಪಾಯಿಯನ್ನು ಬಿಡಿ ಬೆಲೆಯ ಪ್ರಮಾಣದಲ್ಲೇ ಹಂಚಿದರೆ ಎರಡು ಸಾರಿನ ಪುಡಿಗೆ 216, ಹುಳಿಪುಡಿಗೆ 117, ಉಪ್ಪಿನಕಾಯಿಗೆ 162. ಕೊಡಬೇಕಾದದ್ದು 162, 180 ಅಲ್ಲ. ಬೆಲೆಯನ್ನು ಹೀಗೆ ಸಾಲುಸಾಲಾಗಿ ಹಂಚಿಡುವ ಕಿಟ್ ಇದ್ದರೆ ಈ ಲೆಕ್ಕ ಸಿದ್ಧವಾಗಿಯೇ ಇರುತ್ತದೆ. ಅಸೆಂಬ್ಲಿಯಲ್ಲಿ ಡಬ್ಬ ಒಂದೇ ಸಾಲು. ಅದನ್ನು ಪೂರ್ತಿ ವಾಪಸು ಎಂದು ತೋರಿಸಿ, ಬಿಚ್ಚಿ, ಒಡೆದ ಬಾಟಲಿಯನ್ನು ನಷ್ಟಕ್ಕೆ ಹಾಕುವ ಮೂರು ಹೆಜ್ಜೆ ಬೇಕಾಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಒಂದಕ್ಕೊಂದು ಅವಲಂಬಿಸದ ಮಾಲುಗಳನ್ನು ಒಂದೇ ಬೆಲೆಗೆ ಒಟ್ಟಿಗೆ ಮಾರಿದರೆ 2017ರ ಸಿಜಿಎಸ್‌ಟಿ ಕಾಯ್ದೆಯಲ್ಲಿ ಅದು ಮಿಶ್ರ ಪೂರೈಕೆ. ಸಿಹಿತಿಂಡಿ, ಚಾಕೊಲೇಟ್, ಒಣಹಣ್ಣು, ಹಣ್ಣಿನ ರಸ ಸೇರಿದ ಉಡುಗೊರೆ ಪೊಟ್ಟಣವೇ ಕಾಯ್ದೆ ಕೊಡುವ ಉದಾಹರಣೆ. ಅಂಥದ್ದಕ್ಕೆ ಒಳಗಿರುವವುಗಳಲ್ಲಿ ಯಾವುದರ ದರ ಹೆಚ್ಚೋ ಆ ದರ ಇಡೀ ಪೊಟ್ಟಣಕ್ಕೆ ಬೀಳುತ್ತದೆ. ಹಾಗಾಗಿ ಹಬ್ಬದ ಡಬ್ಬಕ್ಕೆ ಚಂದಕ್ಕೆಂದು ಹೆಚ್ಚು ದರದ ವಸ್ತುವೊಂದನ್ನು ಸೇರಿಸುವ ಮುನ್ನ ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ಸ್ಟಾಕ್ ಹೇಗೆ ಕಳೆಯುತ್ತೀರಿ ಎಂಬುದೇ ಬೇರೆ, ಬಿಲ್ಲಿನಲ್ಲಿ ಬೆಲೆ ಹೇಗೆ ಬರೆಯುತ್ತೀರಿ ಎಂಬುದೇ ಬೇರೆ. ಕಿಟ್ ಮಾಡಿದ ಮಾತ್ರಕ್ಕೆ ತೆರಿಗೆಯೂ ಬಿಡಿಬಿಡಿಯಾಗಿ ಬರುತ್ತದೆ ಎಂದು ಎಣಿಸಬೇಡಿ.

ಹಣ ಕೊಡುವ ಮುನ್ನ ಹೀಗೆ ಪರೀಕ್ಷಿಸಿ

ಸಾಫ್ಟ್‌ವೇರ್ ಮಾರಲು ಬಂದವರ ಎದುರೇ, ಮೇಲಿನ ಎರಡು ಕಾಂಬೊಗಳನ್ನು ಸಣ್ಣ ಸಂಖ್ಯೆಯಲ್ಲಿ ಮಾಡಿಸಿ. ಸಾರಿನ ಪುಡಿ ಎರಡೇ ಇಡಿ, ಉಳಿದವು ಹತ್ತತ್ತು. ಒಂದು ಹಬ್ಬದ ಡಬ್ಬ ಆರ್ಡರ್ ಮಾಡಿ, ಇನ್ನೂ ಕಳಿಸಬೇಡಿ. ಈಗ ಮನೆ ಕಾಂಬೊ ಸೊನ್ನೆಯಾಗಬೇಕು. ಇನ್ನೂ ಎರಡು ತೋರಿಸುತ್ತಿದ್ದರೆ ಆ ಸಾಫ್ಟ್‌ವೇರ್ ಸ್ಟಾಕನ್ನು ಆರ್ಡರ್ ಬಂದಾಗ ಕಾಯ್ದಿರಿಸುತ್ತಿಲ್ಲ, ಮಾಲು ಕಳಿಸಿದಾಗ ಮಾತ್ರ ಕಳೆಯುತ್ತಿದೆ. ಹಬ್ಬದ ವಾರದಲ್ಲಿ ಇದು ದೊಡ್ಡ ಪೆಟ್ಟು. ಆಮೇಲೆ ಆ ಆರ್ಡರ್ ರದ್ದುಮಾಡಿ, ಸಾರಿನ ಪುಡಿ ಎರಡಕ್ಕೆ ಮರಳಿತೇ ನೋಡಿ.

ಕೊನೆಯ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ಅದೇ ಹೆಚ್ಚು ಮುಖ್ಯ. ಮತ್ತೊಂದು ಹಬ್ಬದ ಡಬ್ಬ ಆರ್ಡರ್ ಮಾಡಿ, ಕಳಿಸುವ ಮುನ್ನ ಡಬ್ಬದ ಪಟ್ಟಿಯಲ್ಲಿ ಹುಳಿಪುಡಿ ತೆಗೆದು ಚಟ್ನಿಪುಡಿ ಹಾಕಿ. ಈಗ ಹಳೆಯ ಆರ್ಡರನ್ನು ಕಳಿಸಿ. ಗಿರಾಕಿ ಹಣ ಕೊಟ್ಟಿದ್ದು ಹುಳಿಪುಡಿ ಇದ್ದ ಡಬ್ಬಕ್ಕೆ, ಆದ್ದರಿಂದ ಕಳೆಯಬೇಕಾದ್ದು ಹುಳಿಪುಡಿಯೇ. ಚಟ್ನಿಪುಡಿ ಕಳೆದರೆ ಆ ಸಾಫ್ಟ್‌ವೇರ್ ಆರ್ಡರ್ ಬಂದ ಹೊತ್ತಿನ ಪಟ್ಟಿಯನ್ನು ಉಳಿಸಿಕೊಳ್ಳುತ್ತಿಲ್ಲ. ಅದನ್ನೇ ಕೊಳ್ಳುವುದಾದರೆ, ಡಬ್ಬದ ಒಳಗಿನದು ಬದಲಾದಾಗಲೆಲ್ಲ ಹಳೆಯ ಕೋಡನ್ನು ನಿಲ್ಲಿಸಿ ಹೊಸ ಕೋಡ್ ತೆರೆಯಬೇಕು.